ತ್ರಿಪಕ್ಷೀಯ ಒಪ್ಪಂದದ ಗೃಹಸಾಲ: ಕಟ್ಟಡ ನಿಂತರೂ ಬಡ್ಡಿ ನಿಲ್ಲುವುದಿಲ್ಲ

ಹುಬ್ಬಳ್ಳಿ-ಧಾರವಾಡದಲ್ಲಿ ಕಟ್ಟುತ್ತಿರುವ ಫ್ಲ್ಯಾಟ್‌ಗೆ ಸಾಲ ತೆಗೆಯುವವರು ಬ್ಯಾಂಕಿನ ಟೇಬಲ್ ಮೇಲೆ ತ್ರಿಪಕ್ಷೀಯ ಒಪ್ಪಂದಕ್ಕೂ ಸಹಿ ಹಾಕಬೇಕಾಗುತ್ತದೆ. ಬಿಲ್ಡರ್, ಬ್ಯಾಂಕ್, ಗ್ರಾಹಕ ಮೂವರೂ ಅದರಲ್ಲಿರುತ್ತಾರೆ. ಸಾಲದ ಹಣ ನೇರವಾಗಿ ಬಿಲ್ಡರ್ ಖಾತೆಗೆ ಹೋಗುತ್ತದೆ, ತೀರಿಸುವ ಹೊಣೆ ಮಾತ್ರ ಪೂರ್ತಿ ಗ್ರಾಹಕನದು. ಬಿಲ್ಡರ್ ಜೊತೆ ಏನೇ ತಕರಾರು ಬಂದರೂ ಕಂತು ನಿಲ್ಲಿಸುವಂತಿಲ್ಲ ಎಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಇದ್ದೇ ಇರುತ್ತದೆ. ಬುಕಿಂಗ್ ರದ್ದಾದರೆ ಬಿಲ್ಡರ್ ಮರಳಿಸುವ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದು ಎಂದೂ ಬರೆದಿರುತ್ತದೆ.

ಒಂದು ಪ್ರಕರಣದ ಲೆಕ್ಕ ನೋಡಿ. ಫ್ಲ್ಯಾಟಿನ ಬೆಲೆ 45 ಲಕ್ಷ. ಗ್ರಾಹಕರು ಕೈಯಿಂದ ಕಟ್ಟಿದ್ದು 9 ಲಕ್ಷ, ಮಂಜೂರಾದ ಸಾಲ 36 ಲಕ್ಷ, ಬಡ್ಡಿ ಶೇ 8.5. ಪಾಯಕ್ಕೆ ಬೆಲೆಯ ಶೇ 12, ಪ್ರತಿ ಸ್ಲ್ಯಾಬ್‌ಗೆ ಶೇ 9 ಎಂದು ಹಂತಗಳು ನಿಗದಿಯಾಗಿದ್ದವು. ನಾಲ್ಕು ಸ್ಲ್ಯಾಬ್ ತನಕದ 21.6 ಲಕ್ಷವನ್ನು ಬ್ಯಾಂಕ್ ಬಿಡುಗಡೆ ಮಾಡಿತು. ಜಾಗದಲ್ಲಿ ಇದ್ದದ್ದು ಎರಡೇ ಸ್ಲ್ಯಾಬ್. ಮೂರನೆಯದಕ್ಕೆ ಸೆಂಟ್ರಿಂಗ್ ಹಲಗೆ ಹೊಡೆದು ಬಿಟ್ಟಿದ್ದರು, ಕಂಬದ ಮೇಲಿನ ಸರಳು ತುಕ್ಕು ಹಿಡಿದು ನಿಂತಿದ್ದವು. ಅಂದರೆ ಹಾಕದ ಎರಡು ಸ್ಲ್ಯಾಬ್‌ಗೆ 8.1 ಲಕ್ಷ ಹೋಗಿತ್ತು. ಈಗ 21.6 ಲಕ್ಷದ ಮೇಲೆ ತಿಂಗಳಿಗೆ 15,300 ರೂಪಾಯಿ ಪ್ರೀ-ಇಎಂಐ, ಅದೂ ಬರೀ ಬಡ್ಡಿ. ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಇದರ ಜೊತೆ ಇರುವ ಮನೆಯ ಬಾಡಿಗೆ ಬೇರೆ.

ಹೀಗಾಗಲು ದಾರಿ ಮಾಡಿಕೊಟ್ಟದ್ದು ಸಾಲದ ದಿನವೇ ಹಾಕಿಸಿಕೊಂಡ ಸಹಿಗಳು. ಮುಂದಿನ ಎಲ್ಲ ಹಂತಗಳ ಬಿಡುಗಡೆ ಕೋರಿಕೆ ಪತ್ರಕ್ಕೂ, ದಿನಾಂಕ ಬರೆಯದೆ, ಆಗಲೇ ಸಹಿ ತೆಗೆದುಕೊಂಡಿದ್ದರು. ಆಮೇಲೆ ಬಿಲ್ಡರ್‌ನ ಡಿಮ್ಯಾಂಡ್ ಲೆಟರ್ ಮತ್ತು ಅವನದೇ ಎಂಜಿನಿಯರ್ ಕೊಟ್ಟ ಪ್ರಮಾಣಪತ್ರ ಸಾಕಾಯಿತು, ಗ್ರಾಹಕರನ್ನು ಯಾರೂ ಕೇಳಲಿಲ್ಲ. ಖಾಲಿ ಕೋರಿಕೆ ಪತ್ರಕ್ಕೆ ಖಂಡಿತ ಸಹಿ ಹಾಕಬೇಡಿ. ಪ್ರತಿ ಹಂತಕ್ಕೂ ನಿಮ್ಮ ಹೊಸ ಲಿಖಿತ ಒಪ್ಪಿಗೆ ಬೇಕು ಎಂದು ಬ್ಯಾಂಕಿಗೆ ಮೊದಲೇ ಬರೆದು ಕೊಡಿ. ಕಾಮಗಾರಿಯ ಹಂತಕ್ಕೆ ತಕ್ಕಂತೆಯೇ ಹಣ ಬಿಡಬೇಕೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಒಪ್ಪಂದದಲ್ಲಿರುವ ಬಿಲ್ಡರ್ ಖಾತೆ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ಆ ಯೋಜನೆಗೆ ತೋರಿಸಿದ ಖಾತೆಯೇ ಹೌದೋ ಅಲ್ಲವೋ rera.karnataka.gov.in ನಲ್ಲಿ ತಾಳೆ ನೋಡಿ. ಗ್ರಾಹಕರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿದ್ದು, ಆ ಯೋಜನೆಯ ಜಾಗ ಮತ್ತು ಕಟ್ಟಡದ ಖರ್ಚಿಗೇ ಬಳಕೆಯಾಗಬೇಕೆಂಬುದು ಕಾನೂನು.

"ಕೀಲಿ ಕೊಡುವ ತನಕ ಬಡ್ಡಿ ನಮ್ಮದು" ಎನ್ನುವ ಬಿಲ್ಡರ್‌ಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಅವರು ಬಡ್ಡಿ ಕಟ್ಟುವುದನ್ನು ನಿಲ್ಲಿಸಿದ ದಿನ ಬ್ಯಾಂಕ್ ಹಿಡಿಯುವುದು ನಿಮ್ಮನ್ನೇ. ಇಂಥ ಸ್ಕೀಮುಗಳಲ್ಲಿ ಬಿಲ್ಡರ್ ಮತ್ತು ಬ್ಯಾಂಕುಗಳು ಕೈಜೋಡಿಸಿದ ಆರೋಪದ ಬಗ್ಗೆ 2025ರಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು.

ಕೆಲಸ ನಿಂತಾಗ ಸಿಟ್ಟಿಗೆ ಕಂತು ನಿಲ್ಲಿಸುವವರೇ ಬಹಳ. ಆದರೆ 90 ದಿನ ಮೀರಿ ಬಾಕಿ ಉಳಿದರೆ ಖಾತೆ ವಸೂಲಾಗದ ಸಾಲ ಅಂದರೆ ಎನ್‌ಪಿಎ ಆಗುತ್ತದೆ, ಸಿಬಿಲ್ ಅಂಕ ಕೆಡುತ್ತದೆ, ಸಹ-ಅರ್ಜಿದಾರರಾದ ಹೆಂಡತಿ ಅಥವಾ ಅಪ್ಪನ ಸಿಬಿಲ್ ಕೂಡ ಹಾಳು. ಕಷ್ಟವಾದರೂ ಬಡ್ಡಿ ಕಟ್ಟುತ್ತಲೇ ಇರಿ. ಕಟ್ಟಡದ ಫೋಟೊ ಲಗತ್ತಿಸಿ, ಇನ್ನು ಹಣ ಬಿಡಬಾರದು ಎಂದು ಶಾಖೆಗೆ ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಯಾವ ಹಂತಕ್ಕೆ ಯಾವ ಪ್ರಮಾಣಪತ್ರದ ಮೇಲೆ ಹಣ ಬಿಟ್ಟಿರಿ ಎಂದೂ ಅದರಲ್ಲೇ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಬಿಲ್ಡರ್ ಮೇಲಿನ ದೂರು ರೇರಾದಲ್ಲಿ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಹೇಳಿದ ದಿನಕ್ಕೆ ಫ್ಲ್ಯಾಟ್ ಕೊಡದಿದ್ದರೆ ರೇರಾ ಕಾಯ್ದೆಯ ಸೆಕ್ಷನ್ 18 ಎರಡು ದಾರಿ ಕೊಡುತ್ತದೆ: ಯೋಜನೆಯಿಂದ ಹೊರಬಂದು ಕಟ್ಟಿದ್ದೆಲ್ಲವನ್ನೂ ಬಡ್ಡಿಸಮೇತ ವಾಪಸ್ ಕೇಳುವುದು, ಇಲ್ಲವೇ ಉಳಿದುಕೊಂಡು ಕೀಲಿ ಸಿಗುವ ತನಕ ವಿಳಂಬದ ಬಡ್ಡಿ ಪಡೆಯುವುದು. ಕರ್ನಾಟಕದ ನಿಯಮದಲ್ಲಿ ಈ ಬಡ್ಡಿ ಎಸ್‌ಬಿಐ ಸಾಲದ ಮೂಲ ಬಡ್ಡಿದರವಾದ ಎಂಸಿಎಲ್‌ಆರ್‌ಗೆ ಶೇ 2 ಸೇರಿಸಿದಷ್ಟು. ಬಿಲ್ಡರ್ ಬಳಿ ಹಣವಿಲ್ಲದೆ ಕೆಲಸವೇ ನಿಂತಿದ್ದರೆ ಎರಡನೇ ದಾರಿ ಹಿಡಿದು ಕೂರುವುದು ನಷ್ಟದ ಬಾಬತ್ತು.

ವಾಪಸಾತಿ ಕೇಳುವಾಗ ಕೈಯಿಂದ ಕಟ್ಟಿದ 9 ಲಕ್ಷವನ್ನಷ್ಟೇ ಬರೆಯುವವರಿದ್ದಾರೆ. ಮೇಲಿನ ಲೆಕ್ಕದಲ್ಲಿ ಕೇಳಬೇಕಾದ್ದು 30.6 ಲಕ್ಷ, ಬ್ಯಾಂಕ್ ಕೊಟ್ಟದ್ದೂ ನಿಮ್ಮ ಹೆಸರಿನ ಹಣವೇ. ಬ್ಯಾಂಕನ್ನೂ ಪ್ರತಿವಾದಿಯಾಗಿ ಸೇರಿಸಿ, ಬಿಲ್ಡರ್ ಮೊದಲು ಸಾಲದ ಬಾಕಿ ತೀರಿಸಿ ಉಳಿದದ್ದನ್ನು ನಿಮಗೆ ಕೊಡಬೇಕು ಎಂದು ಕೋರಿ. ಸಾಲದ ಸ್ಟೇಟ್‌ಮೆಂಟ್, ಡಿಮ್ಯಾಂಡ್ ಲೆಟರ್‌ಗಳು, ನೋಂದಾಯಿತ ಕರಾರು, ತ್ರಿಪಕ್ಷೀಯ ಒಪ್ಪಂದದ ಪ್ರತಿ ಜೊತೆಗಿರಲಿ. ಒಪ್ಪಂದದ ಪ್ರತಿ ನಿಮ್ಮ ಬಳಿ ಇಲ್ಲದಿದ್ದರೆ ಇವತ್ತೇ ಶಾಖೆಯಿಂದ ತೆಗೆದುಕೊಳ್ಳಿ.

ಆದೇಶ ಬಂದ ಮೇಲೂ ಬಿಲ್ಡರ್ ಕೊಡದಿದ್ದರೆ ವಸೂಲಾತಿ ಪ್ರಮಾಣಪತ್ರ ಕೇಳಬೇಕು. ಅದು ಭೂಕಂದಾಯ ಬಾಕಿಯಂತೆ ವಸೂಲಿಗೆ ಜಿಲ್ಲಾಧಿಕಾರಿ ಕಚೇರಿಗೆ ಬರುತ್ತದೆ. ಅಲ್ಲಿ ಕಡತ ಮಲಗಿಬಿಡುವುದುಂಟು. ಬಿಲ್ಡರ್ ಹೆಸರಲ್ಲಿ ಬೇರೆ ಎಲ್ಲೆಲ್ಲಿ ಆಸ್ತಿ ಇದೆ ಎಂಬ ವಿವರವನ್ನು ಸರ್ವೆ ನಂಬರ್ ಸಮೇತ ನೀವೇ ಹುಡುಕಿ ಕೊಟ್ಟರೆ, ಜಪ್ತಿ ಮಾಡಲು ತಹಶೀಲ್ದಾರರಿಗೆ ಒಂದು ಹಿಡಿತ ಸಿಗುತ್ತದೆ.