ಒಂದೇ ದಿನ ಆರು ಮನೆಯೋ, ಎರಡು ಭೇಟಿಯಲ್ಲಿ ಮೂರೋ?

ಶಿವಮೊಗ್ಗದಲ್ಲಿ ಫ್ಲ್ಯಾಟ್ ತೋರಿಸುವ ನಮ್ಮ ಮುಂದೆ ಎರಡು ದಾರಿ ಇವೆ.

ಒಂದೇ ದಿನ ಆರು ತೋರಿಸಿದರೆ ಓಡಾಟ ಕಡಿಮೆಯಾಗುತ್ತದೆ. ಆದರೆ ನಾಲ್ಕನೆಯದರ ಹೊತ್ತಿಗೆ ಯಾವ ಅಡುಗೆಮನೆ ಎಲ್ಲಿತ್ತು ಅನ್ನೋದೇ ಕಲಸಿಹೋಗುತ್ತದೆ. "ಮನೇಲಿ ಮಾತಾಡಿ ಹೇಳ್ತೀವಿ ಸರ್" ಅಂತ ಹೋಗುತ್ತಾರೆ. ಮನೇಲಿರುವವರು ನೋಡೇ ಇಲ್ಲ, ಅಲ್ವಾ?

ಎರಡು ಭೇಟಿಯಾದರೆ, ಮೊದಲು ಗಂಡ ಹೆಂಡತಿಗೆ ಮೂರು ತೋರಿಸಿ, ಅಲ್ಲೇ ಒಂದನ್ನು ಕೈಬಿಡಿಸಬೇಕು. ವಾರದೊಳಗೆ ಉಳಿದೆರಡಕ್ಕೆ ಹಿರಿಯರನ್ನೂ ಕರೆಸಬೇಕು. ಗೋಪಾಳದ ಒಂದು ಕುಟುಂಬ ಎರಡು ತಿಂಗಳಿಂದ ಯೋಚಿಸುತ್ತಲೇ ಇತ್ತು. ಬೆಲೆಯೇ ಅಡ್ಡಿ ಅಂದುಕೊಂಡಿದ್ದೆ. ಜುಲೈ ಮಳೆಯಲ್ಲೇ ಎಲ್ಲರನ್ನೂ ಕರೆದೆ. ಅಜ್ಜಿ ಕೇಳಿದ್ದು ಒಂದೇ: "ಮಳೇಲಿ ಬಟ್ಟೆ ಎಲ್ಲಿ ಒಣಗಿಸೋದು?" ಮೊದಲನೆಯದರ ಬಾಲ್ಕನಿಗೆ ಎರಚಲು ಹೊಡೆಯುತ್ತಿತ್ತು. ಎರಡನೆಯದರ ಯುಟಿಲಿಟಿ ಒಣಗಿತ್ತು, ಪಶ್ಚಿಮದ ಗೋಡೆಯಲ್ಲೂ ತೇವದ ಕಲೆ ಇರಲಿಲ್ಲ. ಅಲ್ಲೇ ಕೂತು ಉಳಿದ ಅನುಮಾನ ಬರೆದೆವು: ಖಾತೆ, ಕಾರ್ಪೆಟ್ ಏರಿಯಾ. ಯಾರು ಯಾವತ್ತು ಉತ್ತರ ಕೊಡಬೇಕು ಅಂತಲೂ ಬರೆದೆವು. ಶುಕ್ರವಾರ ಕಾಗದ ನೋಡಿ ಒಪ್ಪಿದರು.

ಬೆಂಗಳೂರಿಂದ ಒಂದೇ ದಿನಕ್ಕೆ ಬರುವವರಿಗೆ ಇದು ಹೊಂದುವುದಿಲ್ಲ. ಅವರಿಗೆ ಬೆಳಿಗ್ಗೆ ಎರಡೇ ತೋರಿಸಿ. ಊಟವಾದ ಮೇಲೆ, ಇಷ್ಟವಾದದ್ದಕ್ಕೆ ಮತ್ತೆ ಕರೆದೊಯ್ಯಿರಿ.