ನವೋದಯ ಗೈಡಿನ ‘ಆಕೃತಿ ಪೂರ್ಣಗೊಳಿಸಿ’ ಭಾಗ: ಕೆಲವು ಬ್ಯಾಚ್‌ಗಳಿಗೆ ಬಳಸಿದ ಮೇಲೆ

★★★☆☆

ಆರನೇ ತರಗತಿಯ ನವೋದಯ ಪ್ರವೇಶ ಪರೀಕ್ಷೆಗೆ ಬರುವ ಕನ್ನಡ ಗೈಡುಗಳಲ್ಲಿ ಇದೂ ಒಂದು. ಈ ವಿಮರ್ಶೆ ಒಂದೇ ಭಾಗದ್ದು: ಚೌಕದ ವಿನ್ಯಾಸದಿಂದ ಒಂದು ಮೂಲೆ ಕತ್ತರಿಸಿರುತ್ತಾರೆ, ನಾಲ್ಕು ತುಂಡುಗಳಲ್ಲಿ ಸರಿಯಾಗಿ ಕೂರುವುದನ್ನು ಆರಿಸಬೇಕು. ತುಂಡನ್ನು ತಿರುಗಿಸುವಂತಿಲ್ಲ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗೆ ಸಿಗುವುದು 60 ನಿಮಿಷ, ಹಾಗಾಗಿ ಒಂದರ ಮುಂದೆ ಬಹಳ ಹೊತ್ತು ಕೂರಲಾಗದು.

ಗೈಡ್ ಕಲಿಸುವ ಉಪಾಯ ‘ಪಕ್ಕದ ಭಾಗದ ಪ್ರತಿಬಿಂಬ ನೋಡಿ’ ಎಂಬುದು. ಅರ್ಧದಷ್ಟು ಪ್ರಶ್ನೆಗಳಿಗೆ ಅದು ಸಾಕು. ಆದರೆ ಗಿರಗಿಟ್ಲೆಯಂತೆ ಸುತ್ತುವ ವಿನ್ಯಾಸ ಬಂದರೆ ಅದೇ ಉಪಾಯ ಮಕ್ಕಳನ್ನು ನೇರವಾಗಿ ತಪ್ಪು ಉತ್ತರಕ್ಕೆ ಒಯ್ಯುತ್ತದೆ. ಮೊದಲು ನೋಡಬೇಕಾದದ್ದು ಕತ್ತರಿಸಿದ ಎರಡು ಅಂಚು.

ಗೈಡಿನದೇ ಒಂದು ಮಾದರಿ ತೆಗೆದುಕೊಳ್ಳಿ. ಚೌಕಕ್ಕೆ ಎರಡೂ ಕರ್ಣ, ನಡುವೆ ಒಂದು ವೃತ್ತ; ಕೆಳಗಿನ ಬಲ ಮೂಲೆ ಇಲ್ಲ. ವೃತ್ತದ ಗೆರೆ ಖಾಲಿ ಜಾಗದ ಮೇಲಂಚನ್ನೂ ಎಡ ಅಂಚನ್ನೂ ಸರಿಯಾಗಿ ನಡುವಿನಲ್ಲಿ ಮುಟ್ಟಿ ನಿಂತಿದೆ, ಕರ್ಣ ಆ ಜಾಗದ ಮೇಲಿನ ಎಡ ತುದಿಯಲ್ಲಿ ನಿಂತಿದೆ. ಪೆನ್ಸಿಲಿನಿಂದ ಆ ಮೂರು ಕಡೆ ಚುಕ್ಕಿ ಇಡಿಸಿ. ‘ಬಿ’ ತುಂಡಿನ ಕರ್ಣ ಮೇಲಿನ ಬಲ ತುದಿಯಿಂದ ಹೊರಡುತ್ತದೆ, ಹೋಯಿತು. ‘ಸಿ’ಯ ಕಮಾನು ಬಲ ಮತ್ತು ಕೆಳ ಅಂಚನ್ನು ಮುಟ್ಟುತ್ತದೆ, ಅದೂ ಹೋಯಿತು. ‘ಎ’, ‘ಡಿ’ ಎರಡಕ್ಕೂ ಮೂರೂ ಚುಕ್ಕಿ ಕೂಡುತ್ತವೆ. ಇಲ್ಲೇ ಹೆಚ್ಚಿನವರು ಎಡವುವುದು. ಈಗ ಗೆರೆ ಅಂಚನ್ನು ದಾಟುವ ದಿಕ್ಕು ನೋಡಬೇಕು: ವೃತ್ತ ಮೇಲಂಚನ್ನು ನೆಟ್ಟಗೆ ಇಳಿದು ದಾಟುತ್ತದೆ. ‘ಎ’ಯಲ್ಲಿ ಹಾಗೇ ಇದೆ. ‘ಡಿ’ಯ ಕಮಾನು ಒಳಕ್ಕೆ, ಅಂದರೆ ಚೌಕದ ನಡುವಿನತ್ತ ಬಾಗಿದೆ, ಕೂರಿಸಿದರೆ ಸೇರುವಲ್ಲಿ ಮುರುಕು ಕಾಣುತ್ತದೆ. ಉತ್ತರ ‘ಎ’.

ಅಂಚು ಮುಟ್ಟದೆ ಒಳಗೇ ಇರುವ ಚುಕ್ಕಿ, ಸಣ್ಣ ತ್ರಿಕೋನಗಳಿಗೆ ಮಾತ್ರ ಈ ದಾರಿ ನಡೆಯದು. ಆಗ ಉಳಿದ ಮೂರು ಭಾಗಗಳನ್ನು ಹೋಲಿಸಿ, ವಿನ್ಯಾಸ ಪ್ರತಿಬಿಂಬದ್ದೋ ಸುತ್ತುವುದೋ ಎಂದು ತೀರ್ಮಾನಿಸಲೇಬೇಕು.

ಗೈಡಿನ ದೊಡ್ಡ ದೋಷ ಮುದ್ರಣ. ಕೆಲವು ಪುಟಗಳಲ್ಲಿ ಉತ್ತರದ ತುಂಡುಗಳು ಖಾಲಿ ಜಾಗಕ್ಕಿಂತ ಚಿಕ್ಕವು. ಟ್ರೇಸಿಂಗ್ ಕಾಗದ ಇಟ್ಟು ನೋಡಿದರೆ ಯಾವುದೂ ಕೂಡುವುದಿಲ್ಲ. ಅಲ್ಲಿ ಅಳತೆ ಬಿಟ್ಟು ‘ಗೆರೆ ಮುಟ್ಟುವುದು ಅಂಚಿನ ನಡುವೆಯೋ, ಮೂರನೇ ಒಂದು ಭಾಗದಲ್ಲೋ’ ಎಂದು ಮಕ್ಕಳನ್ನು ಕೇಳಿ. ಗೆರೆ ತುಂಬಿದ ಭಾಗಗಳು ಮಸಿಯಾಗಿ ಓರೆ ದಿಕ್ಕು ಕಾಣದ ಪ್ರಶ್ನೆಗಳನ್ನು ಬಿಟ್ಟೇಬಿಡಿ. ಅವಕ್ಕೆ ಕೊಟ್ಟ ಉತ್ತರವನ್ನು ತಾಳೆ ನೋಡಲೂ ಆಗದು.