ಫ್ಲ್ಯಾಟ್, ಅಂಗಡಿ, ಸೈಟು: ಮೂರನ್ನೂ ಇಟ್ಟುಕೊಂಡು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಂಗಡಿಗೆ. ದೊಡ್ಡ ಕಾಂಪ್ಲೆಕ್ಸಿನ ಮೂರನೇ ಮಹಡಿಯದ್ದಲ್ಲ. ನೆಲಮಹಡಿಯ, ರಸ್ತೆಗೆ ಮುಖ ಮಾಡಿದ, ಒಂದೇ ಶಟರ್ ಇರುವ ಸಣ್ಣ ಅಂಗಡಿ. ನಾನು ಮೊದಲು ತಗೊಂಡಿದ್ದು ಸೈಟು, ಅದನ್ನು ಮಾರಿದೆ. ಆಮೇಲೆ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟೆ, ಅದೂ ಹೋಯಿತು. ಈಗ ಕೈಯಲ್ಲಿ ಉಳಿದಿರುವುದು ಅಂಗಡಿ. ಅದನ್ನು ಮಾರುವ ಯೋಚನೆ ಸದ್ಯಕ್ಕಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಮೂರರ ಬೆಲೆಯೂ 1,000 ಅಂತ ಇಟ್ಟುಕೊಳ್ಳೋಣ. ನೋಂದಣಿ, ಬ್ರೋಕರ್, ಕಾಗದಪತ್ರಕ್ಕೆ ಇನ್ನೊಂದು 70. ಬಾಡಿಗೆ, ಖರ್ಚಿನ ಅಂಕಿಗಳೆಲ್ಲ ಅಂದಾಜಿನವು. ನಿಮ್ಮ ಕಡೆಯ ಅಂಕಿ ಹಾಕಿಕೊಂಡರೆ ಮೊತ್ತ ಬದಲಾಗುತ್ತದೆ, ಲೆಕ್ಕದ ದಾರಿ ಅದೇ. ಬಾಡಿಗೆ ಮೇಲೆ ಕಟ್ಟುವ ವರಮಾನ ತೆರಿಗೆಯನ್ನು ಬಿಟ್ಟಿದ್ದೇನೆ. ಅದು ಒಬ್ಬೊಬ್ಬರಿಗೆ ಒಂದೊಂದು ಥರ.

ಫ್ಲ್ಯಾಟ್ ಬಗ್ಗೆ ಹೇಳುವುದು ಕಡಿಮೆ. ತಿಂಗಳಿಗೆ ಮೂರೂವರೆ ಬಾಡಿಗೆ ಬಂತು ಅಂದುಕೊಳ್ಳಿ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವಷ್ಟರಲ್ಲಿ ವರ್ಷಕ್ಕೆ ಸರಾಸರಿ ಒಂದು ತಿಂಗಳು ಹೋಗುತ್ತದೆ. ಉಳಿದ ಹನ್ನೊಂದು ತಿಂಗಳಿಗೆ 38 ಚಿಲ್ಲರೆ. ಅದರಲ್ಲಿ ಮೇಂಟೆನೆನ್ಸ್, ಆಸ್ತಿ ತೆರಿಗೆ, ಸುಣ್ಣಬಣ್ಣ, ಸೋರುವ ನಲ್ಲಿ ಎಲ್ಲ ಸೇರಿ 11 ಕಳೆದರೆ ಕೈಗೆ ಬರುವುದು ಸುಮಾರು 27. ಕಟ್ಟಡ ಹಳೆಯದಾದಷ್ಟೂ ಈ 11 ಏರುತ್ತದೆ, ಆದರೆ ಬಾಡಿಗೆ ಅದೇ ವೇಗದಲ್ಲಿ ಏರುವುದಿಲ್ಲ. ಒಂದು ಒಳ್ಳೆಯ ಗುಣ ಇದೆ: ಫ್ಲ್ಯಾಟ್ ಜಾಸ್ತಿ ದಿನ ಖಾಲಿ ಬೀಳುವುದಿಲ್ಲ. ಮನೆ ಎಲ್ಲರಿಗೂ ಬೇಕು, ಅಂಗಡಿ ಕೆಲವರಿಗೆ ಮಾತ್ರ.

ಅಂಗಡಿಯ ತಲೆನೋವೂ ಇದೇ.

ನನ್ನ ಅಂಗಡಿಯಲ್ಲಿ ಮೊದಲು ಒಬ್ಬ ಟೈಲರ್ ಇದ್ದರು. ಬಾಡಿಗೆ ತಪ್ಪಿಸಿದವರಲ್ಲ. ಅವರು ಬಿಟ್ಟುಹೋದ ಮೇಲೆ ಶಟರ್ ತಿಂಗಳುಗಟ್ಟಲೆ ಕೆಳಗೇ ಇತ್ತು. ನೋಡಲು ಬಂದವರಿಗೆ ಕೊರತೆ ಇರಲಿಲ್ಲ. ಒಬ್ಬರಿಗೆ ದೊಡ್ಡ ಫ್ರಿಜ್‌ಗಳಿಗೆ ಸಾಲುವಷ್ಟು ಕರೆಂಟ್ ಲೋಡ್ ಬೇಕಿತ್ತು, ನನ್ನಲ್ಲಿ ಇದ್ದದ್ದು ಮನೆಗೆ ಸಾಲುವಷ್ಟು. ಇನ್ನೊಬ್ಬರು ರಸ್ತೆಯಿಂದ ಮೂರು ಮೆಟ್ಟಿಲು ಹತ್ತಬೇಕು ಅಂತ ಬೇಡ ಅಂದರು. ಟೈಲರ್ ಹತ್ತಿರ ಬರುವವರು ಹುಡುಕಿಕೊಂಡು ಬರುತ್ತಾರೆ, ಮೆಟ್ಟಿಲು ಅವರಿಗೆ ಲೆಕ್ಕಕ್ಕಿಲ್ಲ. ದಾರಿಯಲ್ಲಿ ಹೋಗುವಾಗ ಸುಮ್ನೆ ಒಳಗೆ ಇಣುಕುವ ಗಿರಾಕಿ ಮೂರು ಮೆಟ್ಟಿಲು ಹತ್ತುವುದಿಲ್ಲ. ಕೊನೆಗೆ ಸಿಕ್ಕವರೂ ಒಳಗೆ ರ‍್ಯಾಕು, ದೀಪ, ಬೋರ್ಡು ಹಾಕಿಸಲು ಎರಡು ತಿಂಗಳು ಬಾಡಿಗೆ ಬೇಡ ಅಂದರು. ಕೊಟ್ಟೆ. ಹೆಚ್ಚಿನ ಕಡೆ ಕೊಡಲೇಬೇಕಾಗುತ್ತದೆ.

ಇದನ್ನೆಲ್ಲ ಸೇರಿಸಿಯೇ ಲೆಕ್ಕ ಹಾಕೋಣ. ಬಾಡಿಗೆ ತಿಂಗಳಿಗೆ 6. ಬ್ರೋಕರ್ ಇದನ್ನು 12ರಿಂದ ಗುಣಿಸಿ ವರ್ಷಕ್ಕೆ 72 ಅಂತ ತೋರಿಸುತ್ತಾನೆ. ಅದನ್ನು ನಂಬಬೇಡಿ. ಬಾಡಿಗೆದಾರ ಮೂರು ವರ್ಷ ಇದ್ದ, ಆಮೇಲೆ ಎಂಟು ತಿಂಗಳು ಖಾಲಿ, ಹೊಸಬನಿಗೆ ಎರಡು ತಿಂಗಳು ಮಾಫಿ ಅನ್ನೋಣ. ಒಟ್ಟು 46 ತಿಂಗಳಲ್ಲಿ ದುಡ್ಡು ಬಂದದ್ದು 36 ತಿಂಗಳಿಗೆ, ಅಂದರೆ 216. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಹೋಯಿತು. ತೆರಿಗೆ, ರಿಪೇರಿಗೆ ವರ್ಷಕ್ಕೆ 7ರಂತೆ ಸುಮಾರು 27 ಹೋಯಿತು, ಖಾಲಿ ಇದ್ದಾಗಲೂ ಇದು ನಿಲ್ಲುವುದಿಲ್ಲ. ಉಳಿದದ್ದು 183. ವರ್ಷಕ್ಕೆ ಹಂಚಿದರೆ 48ರ ಹತ್ತಿರ ಹತ್ತಿರ.

ಇಷ್ಟೆಲ್ಲ ಖಾಲಿ ಬಿದ್ದ ಮೇಲೂ ಫ್ಲ್ಯಾಟ್‌ನ 27ಕ್ಕಿಂತ ಎಷ್ಟೋ ಮೇಲು, ಅಲ್ವಾ? ತಂಟೆ ಇರುವುದು ಮೊತ್ತದಲ್ಲಲ್ಲ, ಅದು ಬರುವ ರೀತಿಯಲ್ಲಿ. ಮೂರು ವರ್ಷ ಚೆನ್ನಾಗಿ ಬಂದು ಹತ್ತು ತಿಂಗಳು ಪೂರ್ತಿ ನಿಂತುಹೋಗುತ್ತದೆ. ಸಾಲ ಮಾಡಿ ಕೊಂಡಿದ್ದರೆ ಆ ಹತ್ತು ತಿಂಗಳು ಕಂತು ಕಟ್ಟುವವರು ಯಾರು? ಅದಕ್ಕೇ ನಾನು ಬಾಡಿಗೆ ಬರುವಾಗಲೇ ಸ್ವಲ್ಪ ಬೇರೆ ಖಾತೆಗೆ ಹಾಕುತ್ತೇನೆ, ಒಂದು ವರ್ಷದ ಬಾಡಿಗೆಯಷ್ಟು ಸೇರುವವರೆಗೆ. ಬಾಡಿಗೆದಾರ ಕೊಟ್ಟ ಅಡ್ವಾನ್ಸನ್ನು ಇದರಲ್ಲಿ ಸೇರಿಸುವುದಿಲ್ಲ. ಅವನು ಹೊರಡುವಾಗ ಅದನ್ನು ವಾಪಸ್ ಕೊಡಬೇಕು, ನಮಗೆ ದುಡ್ಡು ಬೇಕಾಗುವುದೂ ಅವತ್ತೇ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಅಂಗಡಿಯ ಬೆಲೆ ನಿಂತಿರುವುದೇ ಬಾಡಿಗೆಯ ಮೇಲೆ. ವ್ಯಾಪಾರ ಪಕ್ಕದ ರಸ್ತೆಗೆ ಸರಿದು ಬಾಡಿಗೆ ಆರರಿಂದ ನಾಲ್ಕೂವರೆಗೆ ಇಳಿದರೆ, ಕೊಳ್ಳುವವನು 1,000 ಕೊಡುವುದಿಲ್ಲ, 750 ಅನ್ನುತ್ತಾನೆ. ಇದು ಗೊತ್ತಿರುವ ಮಾರಾಟಗಾರರು ಒಂದು ಆಟ ಆಡುತ್ತಾರೆ. ಪರಿಚಯದವರನ್ನೇ ಕೂರಿಸಿ, ಜಾಸ್ತಿ ಬಾಡಿಗೆಯ ಕರಾರು ಬರೆಸಿ, ಅದರ ಮೇಲೆ ಬೆಲೆ ಹೇಳುತ್ತಾರೆ. ಮಾರಾಟವಾದ ಸ್ವಲ್ಪ ದಿನಕ್ಕೆ ಬಾಡಿಗೆದಾರ ಖಾಲಿ ಮಾಡುತ್ತಾನೆ. ಹಾಗಾಗಿ ಕರಾರು ಪತ್ರ ಮಾತ್ರ ನೋಡಿದರೆ ಸಾಲದು. ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬಾಡಿಗೆ ಬಂದದ್ದು ಕಾಣಬೇಕು. ಅದೇ ಸಾಲಿನ ಬೇರೆ ಅಂಗಡಿಯವರನ್ನು ಅವರು ಎಷ್ಟು ಕೊಡುತ್ತಿದ್ದಾರೆ ಅಂತ ಕೇಳಿ. ಸಂಜೆ ವ್ಯಾಪಾರದ ಹೊತ್ತಿಗೆ ಎದುರುಗಡೆ ನಿಂತು ಎಷ್ಟು ಶಟರ್ ಮುಚ್ಚಿವೆ ನೋಡಿ. ಸಾಲಿನಲ್ಲಿ ನಾಲ್ಕರಲ್ಲಿ ಒಂದು ಮುಚ್ಚಿದ್ದರೂ ನಾನು ಮಾತು ಮುಂದುವರಿಸುವುದಿಲ್ಲ.

ಸೈಟಿನ ವಿಷಯಕ್ಕೆ ಬಂದರೆ ಬಾಡಿಗೆ ಇಲ್ಲ, ಬಾಡಿಗೆದಾರನ ಕಾಟವೂ ಇಲ್ಲ. ಆ ನೆಮ್ಮದಿಗೂ ಬೆಲೆ ಇದೆ. ಬೇಲಿ, ತೆರಿಗೆ, ಗಿಡಗಂಟಿ ತೆಗೆಸುವುದು ಅಂತ ಹತ್ತು ವರ್ಷಕ್ಕೆ 30 ಹೋಗಲಿ. ಕೊಂಡ ಖರ್ಚೂ ಸೇರಿ ನಾವು ಹಾಕಿದ್ದು 1,100. ಅಂಗಡಿಯ ಬೆಲೆ ವರ್ಷಕ್ಕೆ ಬರೀ ಶೇಕಡಾ 3 ಏರಿದರೂ, ಬಾಡಿಗೆ ಸೇರಿ ಅದು ವರ್ಷಕ್ಕೆ ಶೇಕಡಾ 6ರ ಮೇಲೆ ಕೊಡುತ್ತದೆ. ಅಷ್ಟೇ ಏರಿಕೆಯಲ್ಲಿ ಫ್ಲ್ಯಾಟ್ ನಾಲ್ಕೂವರೆ. ಅಂಗಡಿಗೆ ಸರಿಸಮ ಆಗಬೇಕಾದರೆ ಸೈಟು ಹತ್ತು ವರ್ಷದಲ್ಲಿ ಎರಡು ಪಟ್ಟು ದಾಟಬೇಕು, 2,050ರ ಹತ್ತಿರ ಮಾರಬೇಕು. ಆಗುವುದೇ ಇಲ್ಲ ಅಂತಲ್ಲ. ಹೊಸ ರಸ್ತೆ, ನೀರಿನ ಪೈಪು ಬಂದರೆ ಅದನ್ನೂ ದಾಟುತ್ತದೆ. ಬರುತ್ತದೆ ಅಂತ ಹೇಳಿ ಮಾರಿದ ರಸ್ತೆ ಬರದೇ ಹೋದರೆ ಹತ್ತು ವರ್ಷ ಸುಮ್ನೆ ಕಾದ ಹಾಗಾಯಿತು. ಮಧ್ಯೆ ದುಡ್ಡು ಬೇಕಾದರೆ ಸೈಟಿನ ಮೂಲೆ ಮುರಿದು ಮಾರಲು ಆಗುವುದಿಲ್ಲ.

ಪಕ್ಕದ ಸೈಟಿನವರು ‘ಈಗ ಇಷ್ಟು ಬೆಲೆ ಇದೆ’ ಅಂದರೆ ಅದು ಅವರು ಕೇಳುತ್ತಿರುವ ಬೆಲೆ. ಹಾಗೆ ಹೇಳಿದವರನ್ನು ‘ಆ ರೇಟಿಗೆ ಇಲ್ಲಿ ಮಾರಾಟವಾದ ಒಂದು ಸೈಟು ತೋರಿಸಿ’ ಅಂತ ಕೇಳಿ.

ನಾನು ಅಂಗಡಿ ಕಡೆ ವಾಲಿದ್ದಕ್ಕೆ ನನ್ನ ಸ್ವಭಾವವೂ ಕಾರಣ. ಸಾಲ ನನಗೆ ಆಗಿಬರುವುದಿಲ್ಲ. ನನ್ನ ಉಳಿತಾಯಕ್ಕೆ ಪೂರ್ತಿ ಫ್ಲ್ಯಾಟ್ ಬರುತ್ತಿರಲಿಲ್ಲ, ಸಣ್ಣ ಅಂಗಡಿ ಸಾಲವಿಲ್ಲದೆ ಬಂತು. ದಾರಿಯಲ್ಲಿ ಹೋಗುವಾಗ ಒಳಗೆ ಹೋಗಿ ವ್ಯಾಪಾರ ಹೇಗಿದೆ ಅಂತ ವಿಚಾರಿಸುವುದು ನನಗೆ ಬೇಸರದ ಕೆಲಸವಲ್ಲ. ಬಾಡಿಗೆದಾರ ಬಿಡುವ ಸೂಚನೆ ಅಲ್ಲೇ ಸಿಗುತ್ತದೆ: ರ‍್ಯಾಕುಗಳಲ್ಲಿ ಮಾಲು ತೆಳುವಾಗುತ್ತದೆ, ಬಾಡಿಗೆ ಎರಡು ಕಂತಿನಲ್ಲಿ ಬರತೊಡಗುತ್ತದೆ. ಸಂಬಳದಿಂದ ಪ್ರತಿ ತಿಂಗಳು ಕಂತು ಕಟ್ಟಲು ಅಂಜದವರು, ಬಾಡಿಗೆ ನಿಂತರೆ ನಿದ್ದೆ ಕೆಡಿಸಿಕೊಳ್ಳುವವರು ಫ್ಲ್ಯಾಟನ್ನೇ ನೋಡಲಿ. ಹತ್ತು ವರ್ಷ ಆ ದುಡ್ಡಿನ ಕಡೆ ತಿರುಗಿಯೂ ನೋಡಬೇಕಿಲ್ಲ ಅನ್ನುವವರಿಗೆ, ಇಲ್ಲವೇ ಅಲ್ಲೇ ಮನೆ ಕಟ್ಟುವವರಿಗೆ ಸೈಟು ಸರಿ. ಒಂದು ವರ್ಷ ಬಾಡಿಗೆ ಬರದಿದ್ದರೂ ನಡೆಯುತ್ತದೆ ಅನ್ನುವಷ್ಟು ಪಕ್ಕಕ್ಕೆ ಇಡಲು ಆಗದವರಿಗೆ ಮಾತ್ರ ನಾನು ಅಂಗಡಿ ತಗೊಳ್ಳಿ ಅನ್ನುವುದಿಲ್ಲ.